ನೀಲಿ ಗೆರೆಯನ್ನು ನಂಬುವ ಮುನ್ನ: ಪ್ರಾಟ್‌ನಲ್ಲಿ ಮಾತಿನ ಪಿಚ್ ಅಳೆಯುವುದು ಹೇಗೆ

ನಮ್ಮತ್ತೆ ಹೇಳಿದ ಒಂದು ಪುಟ್ಟ ವಾಕ್ಯ ನನ್ನ ಹತ್ತಿರ ಇದೆ. "ಮಾವ ಮನೇಲಿ ಇಲ್ಲ." ಅಷ್ಟೇ, ಒಂದೂಕಾಲು ಸೆಕೆಂಡು. ಇದನ್ನು ಪ್ರಾಟ್‌ನಲ್ಲಿ ತೆರೆದು ಪಿಚ್ ಗೆರೆ ನೋಡಿದರೆ ಅದು ಎರಡು ಕಡೆ ದಿಢೀರನೆ ಕೆಳಗೆ ಬೀಳುತ್ತದೆ. ಒಂದು, "ಮನೇ" ಅನ್ನುವಲ್ಲಿ: 212 ಹರ್ಟ್ಜ್ ಇದ್ದದ್ದು 106ಕ್ಕೆ ಇಳಿದು, ಮತ್ತೆ ಮೇಲೇರುತ್ತದೆ. ಇನ್ನೊಂದು, ಕೊನೆಯ "ಲ್ಲ"ದಲ್ಲಿ: ಸುಮಾರು 95ಕ್ಕೆ ಬಿದ್ದು ಅಲ್ಲೇ ಮುಗಿಯುತ್ತದೆ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಒಂದು ಸಾಫ್ಟ್‌ವೇರ್ ಮಾಡಿದ ತಪ್ಪು, ಇನ್ನೊಂದು ಅತ್ತೆಯ ಗಂಟಲಲ್ಲಿ ನಿಜವಾಗಿ ಆದದ್ದು. ಯಾವುದು ಯಾವುದು ಅಂತ ಕಂಡುಹಿಡಿಯುವುದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ಪ್ರಾಟ್ ಗೊತ್ತಿಲ್ಲದವರಿಗೆ: ಇದು ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದ ಪೌಲ್ ಬೂರ್ಸ್ಮಾ ಮತ್ತು ಡೇವಿಡ್ ವೇನಿಂಕ್ ಬರೆದ ಉಚಿತ ಸಾಫ್ಟ್‌ವೇರ್. ಡಚ್ ಭಾಷೆಯಲ್ಲಿ ಪ್ರಾಟ್ ಅಂದರೆ ಮಾತು. `praat.org` ನಲ್ಲಿ ಸಿಗುತ್ತದೆ. ನೋಡಲು ಹಳೇ ಕಾಲದ್ದು ಅನ್ನಿಸಿದರೂ ಭಾಷಾವಿಜ್ಞಾನದವರು, ಮಾತಿನ ಚಿಕಿತ್ಸೆ ಮಾಡುವವರು ಬಹಳ ಜನ ಇದನ್ನೇ ಬಳಸುತ್ತಾರೆ.

ಗೆರೆ ಏನನ್ನು ತೋರಿಸುತ್ತಿದೆ?

"ಆ" ಅಂತ ಎಳೆದು ಹೇಳಿ, ಗಂಟಲ ಮೇಲೆ ಬೆರಳಿಡಿ. ಗುಂಯ್ ಅಂತ ನಡುಗುತ್ತದೆ ಅಲ್ವಾ? ಅಲ್ಲಿ ಧ್ವನಿ ತಂತುಗಳು ಒಂದೇ ಸಮ ತೆರೆದು ಮುಚ್ಚುತ್ತಿವೆ. ಒಂದು ಸೆಕೆಂಡಿಗೆ ಎಷ್ಟು ಸಲ ಹಾಗೆ ಮಾಡುತ್ತವೋ ಅದೇ ಮೂಲ ಆವೃತ್ತಿ, ಎಫ್ ಝೀರೊ. ಸೆಕೆಂಡಿಗೆ 200 ಸಲ ಅಂದರೆ 200 ಹರ್ಟ್ಜ್. ದೊಡ್ಡ ಗಂಡಸರ ಮಾತು ಸಾಮಾನ್ಯವಾಗಿ 120ರ ಆಸುಪಾಸು, ಹೆಂಗಸರದ್ದು 200ರ ಆಸುಪಾಸು, ಚಿಕ್ಕ ಮಕ್ಕಳದ್ದು 300ರ ಹತ್ತಿರ ಇರುತ್ತದೆ. ಮಾತಾಡುತ್ತಾ ಇದು ಎರಡೂ ಕಡೆ ಬೇಕಾದಷ್ಟು ಏರಿಳಿಯುತ್ತದೆ.

ಪಿಚ್ ಅನ್ನುವುದು ಕಿವಿಗೆ ಕೇಳಿಸುವ ಎತ್ತರ. ಮೂಲ ಆವೃತ್ತಿ ಅನ್ನುವುದು ಅಳೆಯಬಹುದಾದ ಸಂಖ್ಯೆ. ಎರಡೂ ಒಂದೇ ಅಲ್ಲ. ಆದರೆ ಸಾಫ್ಟ್‌ವೇರಿನ ಮೆನುಗಳಲ್ಲಿ ಎರಡಕ್ಕೂ `Pitch` ಅಂತಲೇ ಇರುವುದರಿಂದ ನಾನೂ ಇಲ್ಲಿ ಪಿಚ್ ಅಂತಲೇ ಬರೆಯುತ್ತೇನೆ.

ಒಂದು ಮಾತು ಈಗಲೇ ಹೇಳಿಬಿಡಬೇಕು. ಸಾಫ್ಟ್‌ವೇರಿಗೆ ಗಂಟಲು ಕಾಣುವುದಿಲ್ಲ. ಮೈಕಿಗೆ ಬಿದ್ದ ಅಲೆ ಮಾತ್ರ ಅದರ ಕೈಲಿದೆ. ಆ ಅಲೆಯಲ್ಲಿ ಮತ್ತೆ ಮತ್ತೆ ಬರುವ ಆಕಾರ ಯಾವುದು ಅಂತ ಅದು ಊಹಿಸುತ್ತದೆ. ನೀಲಿ ಗೆರೆ ಅಂದರೆ ಆ ಊಹೆಗಳ ಸಾಲು.

ಮೊದಲು ರೆಕಾರ್ಡಿಂಗ್

ಮೊಬೈಲಿನಲ್ಲೇ ಮಾಡಬಹುದು. ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಹಿಡಿಯಿರಿ. ಎದುರಿಗೇ ಹಿಡಿದರೆ "ಪ", "ಫ" ಬಂದಾಗ ಉಸಿರು ಬಡಿಯುತ್ತದೆ. ಫ್ಯಾನ್ ಆರಿಸಿ. ಚಾರ್ಜರ್ ತೆಗೆದುಬಿಡಿ.

ಚಾರ್ಜರ್ ಯಾಕೆ ಅಂದರೆ, ನಮ್ಮ ಮನೆಗಳ ಕರೆಂಟು ಸೆಕೆಂಡಿಗೆ 50 ಸಲ ತಿರುಗುವಂಥದ್ದು. ಅದರ ಗುಂಯ್‌ಗುಡುವಿಕೆ ರೆಕಾರ್ಡಿಂಗಿಗೆ ಸೇರಿದರೆ 50 ಅಥವಾ 100 ಹರ್ಟ್ಜ್‌ನಲ್ಲಿ ಸದ್ದು ಕೂರುತ್ತದೆ. 100 ಅಂದರೆ ಗಂಡಸಿನ ದನಿಯ ಸರಿ ನಡುವೆ. ನಾನು ಸುರುವಿನಲ್ಲಿ ಒಂದು ಇಡೀ ಸಂಜೆ ಯಾರೂ ಮಾತಾಡದ ಜಾಗದಲ್ಲಿ ಬಂದ ಪಿಚ್ ಗೆರೆ ನೋಡಿಕೊಂಡು ತಲೆ ಕೆರೆದುಕೊಂಡಿದ್ದೆ. ಗುರುತು ಸುಲಭ. ಸ್ಕೇಲಿಟ್ಟು ಎಳೆದ ಹಾಗೆ ನೆಟ್ಟಗಿರುವ ಗೆರೆ 50ಕ್ಕೋ 100ಕ್ಕೋ ಅಂಟಿಕೊಂಡಿದ್ದರೆ ಅದು ಕರೆಂಟು. ಮನುಷ್ಯರ ಮಾತು ಅಷ್ಟು ನೆಟ್ಟಗೆ ಇರುವುದೇ ಇಲ್ಲ.

ಮೊಬೈಲುಗಳು ಸಾಮಾನ್ಯವಾಗಿ `m4a` ಫೈಲು ಕೊಡುತ್ತವೆ. ಪ್ರಾಟ್‌ಗೆ ಬೇಕಾದದ್ದು `wav`. ಆಡಾಸಿಟಿ ಅನ್ನುವ ಸಾಫ್ಟ್‌ವೇರಿನಲ್ಲಿ ಬದಲಿಸಿಕೊಳ್ಳಬಹುದು. ಕಂಪ್ಯೂಟರಿನಲ್ಲಿ ಎಫ್‌ಎಫ್‌ಎಂಪೆಗ್ ಇದ್ದರೆ ಒಂದೇ ಸಾಲು ಸಾಕು:

```
ffmpeg -i atte.m4a -ac 1 -ar 44100 atte.wav
```

ಮೊದಲ ಪ್ರಯತ್ನಕ್ಕೆ ವಾಕ್ಯವನ್ನೂ ನೋಡಿ ಆರಿಸಿಕೊಳ್ಳಿ. "ಮಾವ ಮನೇಲಿ ಇಲ್ಲ" ನಾನು ಸುಮ್ನೆ ಆರಿಸಿದ್ದಲ್ಲ. ಮ, ವ, ನ, ಲ ಇವೆಲ್ಲ ಹೇಳುವಾಗ ಗಂಟಲು ನಡುಗುತ್ತಲೇ ಇರುತ್ತದೆ. ಹಾಗಾಗಿ ಗೆರೆ ಎಲ್ಲೂ ಕಡಿಯಬಾರದು. ಅದರ ಬದಲು "ಕಾಫಿ ಸಾಕಾ?" ಅಂದರೆ ಕ, ಫ, ಸ, ಕ ನಾಲ್ಕೂ ಕಡೆ ನಡುಕ ನಿಲ್ಲುತ್ತದೆ, ಗೆರೆ ತುಂಡು ತುಂಡಾಗುತ್ತದೆ. ಅದು ತಪ್ಪಲ್ಲ. ಅಲ್ಲಿ ಪಿಚ್ ಇಲ್ಲ, ಆದ್ದರಿಂದ ಗೆರೆಯೂ ಇಲ್ಲ. ಖಾಲಿ ಜಾಗ ಅಂದರೆ ಸೊನ್ನೆ ಹರ್ಟ್ಜ್ ಅಂತಲ್ಲ, ಅಳೆಯಲು ಏನೂ ಇಲ್ಲ ಅಂತ. ಸರಾಸರಿ ತೆಗೆಯುವಾಗ ಕೆಲವರು ಆ ಜಾಗಕ್ಕೆ ಸೊನ್ನೆ ತುಂಬಿಬಿಡುತ್ತಾರೆ. ಆಗ ಲೆಕ್ಕವೆಲ್ಲ ಕೆಟ್ಟುಹೋಗುತ್ತದೆ.

ಗೆರೆಯನ್ನು ಪರದೆಗೆ ತರುವುದು

ಪ್ರಾಟ್ ತೆರೆದಾಗ ಎರಡು ಕಿಟಕಿ ಬರುತ್ತವೆ. `Picture` ಕಿಟಕಿ ಸದ್ಯಕ್ಕೆ ಬೇಡ, ಮುಚ್ಚಿಬಿಡಿ. `Objects` ಕಿಟಕಿಯಲ್ಲಿ `Open` ಮೆನುವಿನ `Read from file...` ಒತ್ತಿ ಫೈಲು ಆರಿಸಿ. ಪಟ್ಟಿಯಲ್ಲಿ `Sound atte` ಅಂತ ಬರುತ್ತದೆ. ಅದನ್ನು ಆರಿಸಿ ಬಲಗಡೆಯ `View & Edit` ಒತ್ತಿ.

ಮೇಲೆ ಅಲೆ, ಕೆಳಗೆ ಬೂದು ಬಣ್ಣದ ಸ್ಪೆಕ್ಟ್ರೋಗ್ರಾಮ್, ಅಂದರೆ ಯಾವ ಆವೃತ್ತಿಯಲ್ಲಿ ಎಷ್ಟು ಸದ್ದಿದೆ ಅನ್ನುವ ಚಿತ್ರ ಕಾಣುತ್ತದೆ. `Pitch` ಮೆನುವಿನಲ್ಲಿ `Show pitch` ಆನ್ ಮಾಡಿದರೆ ನೀಲಿ ಗೆರೆ ಬರುತ್ತದೆ. ಗೆರೆ ಬರಲೇ ಇಲ್ಲ ಅಂದರೆ ಬಹುಶಃ ನೀವು ತುಂಬ ಉದ್ದದ ತುಣುಕು ನೋಡುತ್ತಿದ್ದೀರಿ. 10 ಸೆಕೆಂಡಿಗಿಂತ ಜಾಸ್ತಿ ಪರದೆಯಲ್ಲಿದ್ದರೆ ಪ್ರಾಟ್ ಲೆಕ್ಕ ಹಾಕುವ ಗೋಜಿಗೆ ಹೋಗುವುದಿಲ್ಲ. ಬೇಕಾದ ಭಾಗವನ್ನು ಮೌಸಿನಿಂದ ಎಳೆದು ಆರಿಸಿ `Ctrl-N` ಒತ್ತಿ, ಅಷ್ಟೇ ಭಾಗ ದೊಡ್ಡದಾಗುತ್ತದೆ. `Tab` ಒತ್ತಿದರೆ ಕೇಳಿಸುತ್ತದೆ.

ಇಲ್ಲಿ ಒಂದು ಗೊಂದಲ ಬರುತ್ತದೆ. ಎಡಗಡೆ ಬರೆದಿರುವ ಅಂಕಿ, 5000 ಹರ್ಟ್ಜ್ ಇತ್ಯಾದಿ, ಸ್ಪೆಕ್ಟ್ರೋಗ್ರಾಮಿನದ್ದು. ಪಿಚ್ ಅಂಕಿಗಳು ಬಲಗಡೆ ನೀಲಿಯಲ್ಲಿವೆ. ಎರಡೂ ಒಂದರ ಮೇಲೊಂದು ಕೂತಿವೆ, ಆದರೆ ಅಳತೆಗೋಲು ಬೇರೆ ಬೇರೆ. ನೀಲಿ ಗೆರೆ ಬೂದು ಪಟ್ಟೆಯೊಂದನ್ನು ಮುಟ್ಟಿತು ಅಂದರೆ ಅದಕ್ಕೆ ಏನೂ ಅರ್ಥವಿಲ್ಲ. ಮನಸ್ಸು ಗಲಿಬಿಲಿಗೊಳ್ಳುತ್ತದೆ ಅನ್ನಿಸಿದರೆ `Show spectrogram` ಆಫ್ ಮಾಡಿಕೊಳ್ಳಿ.

ಒಂದು ಜಾಗದಲ್ಲಿ ಕ್ಲಿಕ್ ಮಾಡಿ `F5` ಒತ್ತಿದರೆ ಆ ಕ್ಷಣದ ಪಿಚ್ ಎಷ್ಟು ಅಂತ ಹೇಳುತ್ತದೆ. ಒಂದು ತುಣುಕು ಆರಿಸಿಕೊಂಡು ಒತ್ತಿದರೆ ಆ ತುಣುಕಿನ ಸರಾಸರಿ ಬರುತ್ತದೆ.

ಸಾಫ್ಟ್‌ವೇರ್ ಊಹಿಸುವ ಬಗೆ

ಇದು ಸ್ವಲ್ಪ ಗೊತ್ತಿದ್ದರೆ ಮುಂದೆ ಆಗುವ ತಪ್ಪುಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ. ಪ್ರಾಟ್ ಬಳಸುವುದು ಬೂರ್ಸ್ಮಾ 1993ರಲ್ಲಿ ಪ್ರಕಟಿಸಿದ ಲೆಕ್ಕ. ಅದರ ಬುಡದಲ್ಲಿರುವುದು ಆಟೊಕೋರಿಲೇಶನ್.

ಅಲೆಯ ಚಿತ್ರವನ್ನು ಒಂದು ಟ್ರೇಸಿಂಗ್ ಪೇಪರಿನ ಮೇಲೆ ನಕಲು ಮಾಡಿಕೊಂಡಿದ್ದೀರಿ ಅಂದುಕೊಳ್ಳಿ. ಅದನ್ನು ಮೂಲ ಚಿತ್ರದ ಮೇಲಿಟ್ಟು ನಿಧಾನಕ್ಕೆ ಬಲಕ್ಕೆ ಜರುಗಿಸಿ. ಮೊದಲು ಎರಡೂ ಹೊಂದುವುದಿಲ್ಲ. ಸರಿಯಾಗಿ ಒಂದು ಸುತ್ತಿನಷ್ಟು ಜರುಗಿಸಿದಾಗ ಒಮ್ಮೆಲೇ ಕೂತುಕೊಳ್ಳುತ್ತದೆ. ಆ ಜರುಗಿಸಿದ ದೂರವೇ ಒಂದು ಸುತ್ತಿನ ಅವಧಿ. ಅದು 5 ಮಿಲಿಸೆಕೆಂಡ್ ಆದರೆ ಪಿಚ್ 200.

ತೊಂದರೆ ಏನೆಂದರೆ, ಎರಡು ಸುತ್ತು ಜರುಗಿಸಿದರೂ ಅದು ಕೂತುಕೊಳ್ಳುತ್ತದೆ. ಮೂರು ಸುತ್ತಿಗೂ ಕೂತುಕೊಳ್ಳುತ್ತದೆ. ಹಾಗಾಗಿ ಒಂದೇ ಜಾಗಕ್ಕೆ 200, 100, 67 ಹೀಗೆ ಹಲವು ಉತ್ತರಗಳು ಪೈಪೋಟಿಗೆ ನಿಲ್ಲುತ್ತವೆ. ಸುತ್ತುಗಳು ಒಂದು ದೊಡ್ಡದು ಒಂದು ಚಿಕ್ಕದು ಹೀಗೆ ಬಂದರೆ, ಎರಡು ಸುತ್ತು ಜರುಗಿಸಿದಾಗಲೇ ಇನ್ನೂ ಚೆನ್ನಾಗಿ ಹೊಂದುತ್ತದೆ. ಆಗ ಪಿಚ್ ಅರ್ಧಕ್ಕೆ ಬೀಳುತ್ತದೆ. ಉಲ್ಟಾ ಕೂಡ ಆಗಬಹುದು: ಒಂದು ಸುತ್ತಿನ ಒಳಗೇ ಒಂದೇ ಥರದ ಎರಡು ಗುಡ್ಡಗಳಿದ್ದರೆ ಅರ್ಧ ಸುತ್ತಿಗೇ ಹೊಂದಿದ ಹಾಗೆ ಅನ್ನಿಸಿ ಪಿಚ್ ಎರಡರಷ್ಟಾಗುತ್ತದೆ.

ಸಂಗೀತ ಕಲಿತವರಿಗೆ ಇದು ಬೇಗ ಹೊಳೆಯುತ್ತದೆ. ಷಡ್ಜದಿಂದ ತಾರ ಷಡ್ಜಕ್ಕೆ ಹೋದರೆ ಆವೃತ್ತಿ ಸರಿಯಾಗಿ ಎರಡರಷ್ಟು. ಅಂದರೆ ಸಾಫ್ಟ್‌ವೇರ್ ಇಲ್ಲಿ ಮಾಡುವುದು ಸ್ಥಾಯಿಯ ತಪ್ಪು. ಸ್ವರ ಸರಿಯಾಗಿಯೇ ಇರುತ್ತದೆ, ಸ್ಥಾಯಿ ಮಾತ್ರ ತಪ್ಪಿರುತ್ತದೆ. ಆದ್ದರಿಂದಲೇ ಜಿಗಿತ ಕಂಡ ಕೂಡಲೇ ಎರಡು ಕಡೆಯ ಅಂಕಿಗಳನ್ನು ಭಾಗಿಸಿ ನೋಡಬೇಕು. ಹೆಚ್ಚುಕಮ್ಮಿ 2 ಬಂದರೆ ಅನುಮಾನ ಪಡಿ. ಅತ್ತೆಯ "ಮನೇ"ಯಲ್ಲಿ 212 ಮತ್ತು 106. ಸರಿಯಾಗಿ 2.

ಹೊಂದಿಸಿ ನೋಡಲು ಪ್ರಾಟ್‌ಗೆ ಅಲೆಯ ಒಂದು ತುಂಡು ಬೇಕು. ಆ ತುಂಡಿನಲ್ಲಿ ಕನಿಷ್ಠ ಮೂರು ಸುತ್ತಾದರೂ ಇರಬೇಕು ಅನ್ನುವುದು ಅದರ ನಿಯಮ. ಇದಕ್ಕಿಂತ ಕೆಳಗಿನ ಪಿಚ್ ಹುಡುಕಬೇಡ ಅಂತ ನೀವು ಹೇಳುವ ಕೆಳ ಮಿತಿಯನ್ನು 75 ಅಂತ ಇಟ್ಟರೆ ತುಂಡು 3 ಭಾಗಿಸು 75, ಅಂದರೆ 40 ಮಿಲಿಸೆಕೆಂಡ್ ಆಗುತ್ತದೆ. 150 ಇಟ್ಟರೆ 20. ಅಂದರೆ ಕೆಳ ಮಿತಿ ಬರೀ ಬೇಲಿಯಲ್ಲ. ಅದನ್ನು ಕೆಳಗಿಟ್ಟಷ್ಟೂ ತುಂಡು ಉದ್ದವಾಗಿ, ಬೇಗ ಬೇಗ ಆಗುವ ಏರಿಳಿತಗಳು ಸವೆದುಹೋಗುತ್ತವೆ. "ಯಾವುದಕ್ಕೂ ಇರಲಿ" ಅಂತ 30 ಹಾಕುವವರಿದ್ದಾರೆ. ಅವರ ಗೆರೆ ನುಣ್ಣಗೆ ಬರುತ್ತದೆ ನಿಜ, ಆದರೆ ಅದು ಇಸ್ತ್ರಿ ಮಾಡಿದ ನುಣುಪು.

ಮಾತಾಡುವವರಿಗೆ ತಕ್ಕ ಮಿತಿ ಇಡುವುದು

ಎಲ್ಲರಿಗೂ ಒಂದೇ ಮಿತಿ ಇಟ್ಟುಕೊಂಡರೆ ಸ್ಥಾಯಿಯ ತಪ್ಪುಗಳಿಗೆ ನೀವೇ ಬಾಗಿಲು ತೆರೆದ ಹಾಗೆ. ಅತ್ತೆಯ ದನಿಗೆ 75ರಿಂದ 500 ಅಂತ ಬಿಟ್ಟರೆ 106 ಅನ್ನುವ ಉತ್ತರಕ್ಕೂ ಒಳಗೆ ಜಾಗವಿದೆ. ಹಾಗಂತ ಕಣ್ಣಂದಾಜಿನಲ್ಲಿ ಬೇಲಿ ಹಾಕುವುದೂ ಸರಿಯಲ್ಲ.

ಧ್ವನಿವಿಜ್ಞಾನಿ ಡೇನಿಯಲ್ ಹರ್ಸ್ಟ್ ಹೇಳಿಕೊಟ್ಟ ಒಂದು ಉಪಾಯವಿದೆ. ಎರಡು ಸಲ ಅಳೆಯುವುದು. ಮೊದಲ ಸಲ ಅಗಲವಾದ ಮಿತಿ ಇಟ್ಟು, ಆ ವ್ಯಕ್ತಿಯ ಒಂದೆರಡು ನಿಮಿಷದ ಮಾತನ್ನು ಅಳೆಯಿರಿ. ಬಂದ ಅಂಕಿಗಳನ್ನೆಲ್ಲ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ ಕಾಲು ಭಾಗದಲ್ಲಿರುವ ಅಂಕಿ ಮತ್ತು ಮುಕ್ಕಾಲು ಭಾಗದಲ್ಲಿರುವ ಅಂಕಿ ಸಿಗುತ್ತವೆ. ಕಾಲು ಭಾಗದ ಅಂಕಿಯನ್ನು 0.75ರಿಂದ ಗುಣಿಸಿದರೆ ಕೆಳ ಮಿತಿ. ಮುಕ್ಕಾಲು ಭಾಗದ್ದನ್ನು 1.5ರಿಂದ ಗುಣಿಸಿದರೆ ಮೇಲಿನ ಮಿತಿ. ಅಲ್ಲೊಂದು ಇಲ್ಲೊಂದು ಸ್ಥಾಯಿ ತಪ್ಪಿದ್ದರೂ ಅವು ತುದಿಗಳಿಗೆ ಹೋಗಿ ಕೂರುತ್ತವೆ. ಕಾಲು, ಮುಕ್ಕಾಲು ಜಾಗದ ಅಂಕಿಗಳು ಅಷ್ಟಾಗಿ ಅಲ್ಲಾಡುವುದಿಲ್ಲ. ಉಪಾಯ ಕೆಲಸ ಮಾಡುವುದು ಅದಕ್ಕೇ.

ಪ್ರಾಟ್‌ನಲ್ಲಿ `New Praat script` ತೆರೆದು ಇದನ್ನು ಹಾಕಿ. `Sound` ಆರಿಸಿಕೊಂಡಿರಬೇಕು, ಆಮೇಲೆ `Run`:

```
sound = selected ("Sound")
p = To Pitch: 0, 60, 700
q1 = Get quantile: 0, 0, 0.25, "Hertz"
q3 = Get quantile: 0, 0, 0.75, "Hertz"
lo = 0.75 * q1
hi = 1.5 * q3
appendInfoLine: fixed$ (lo, 0), " ", fixed$ (hi, 0)
removeObject: p
selectObject: sound
```

ಅತ್ತೆಯ ಮಾತಿಗೆ ಕಾಲು ಭಾಗದಲ್ಲಿ 172, ಮುಕ್ಕಾಲು ಭಾಗದಲ್ಲಿ 224 ಬಂತು. ಗುಣಿಸಿದರೆ 129 ಮತ್ತು 336. ನಾನು 130 ಮತ್ತು 340 ಅಂತ ಇಟ್ಟುಕೊಂಡೆ. ಇದು ಸಮಾಧಾನದ ಮಾತಿಗೆ. "ಅಯ್ಯಯ್ಯೋ!" ಅಂತ ಕೂಗುವ, ಮಗುವನ್ನು ಮುದ್ದು ಮಾಡುವ ದನಿ ಇದ್ದರೆ ಮೇಲಿನ ಮಿತಿಗೆ 1.5ರ ಬದಲು 2.5ರಿಂದ ಗುಣಿಸಬೇಕು. ಇಲ್ಲದಿದ್ದರೆ ಕೂಗಿನ ತುದಿ ಕತ್ತರಿಸಿಹೋಗುತ್ತದೆ.

ಈ ಅಂಕಿಗಳನ್ನು ಹಾಕುವುದು `Pitch` ಮೆನುವಿನ ಸೆಟ್ಟಿಂಗ್‌ನಲ್ಲಿ. ಇಲ್ಲಿ ಹುಷಾರು. 6.4ನೇ ವರ್ಶನ್ನಿನಿಂದ ಪ್ರಾಟ್ ತಾನಾಗಿ ಆರಿಸಿಕೊಳ್ಳುವುದು `filtered autocorrelation`. ಅದು ಮೇಲಿನ ಆವೃತ್ತಿಗಳನ್ನು ಮೊದಲು ಸೋಸಿ ತಗ್ಗಿಸಿ, ಆಮೇಲೆ ಹೊಂದಿಸಿ ನೋಡುತ್ತದೆ. ಅದರಲ್ಲಿ ಮೊದಲೇ ಇರುವ ಅಂಕಿಗಳು 50 ಮತ್ತು 800. ಆ 800 ಬೇಲಿಯಲ್ಲ, ಎಷ್ಟು ಸೋಸಬೇಕು ಅಂತ ಹೇಳುವ ಅಂಕಿ. ಅಲ್ಲಿ 340 ಹಾಕಿದರೆ ಸೋಸುವುದು ವಿಪರೀತವಾಗುತ್ತದೆ. ಹರ್ಸ್ಟ್ ಉಪಾಯ ಹೊಂದುವುದು ಹಳೆಯ `raw autocorrelation` ವಿಧಾನಕ್ಕೆ. ಅದನ್ನು ಅದೇ ಮೆನುವಿನಲ್ಲಿ ಆರಿಸಿಕೊಂಡು, `Pitch floor` ಜಾಗದಲ್ಲಿ 130, `Pitch ceiling` ಜಾಗದಲ್ಲಿ 340 ಹಾಕಿ. ಹಳೇ ಪಾಠಗಳನ್ನು ನೋಡಿಕೊಂಡು ಹೊಸ ಪ್ರಾಟ್ ಬಳಸುವವರು ಎಡವುವುದು ಹೆಚ್ಚಾಗಿ ಇಲ್ಲೇ.

ಕೈಯಲ್ಲಿ ಎಣಿಸಿ ನೋಡುವುದು

ಮಿತಿ ಬದಲಿಸಿದ ಮೇಲೆ ಅತ್ತೆಯ ಗೆರೆ ಹೀಗಾಯಿತು: "ಮನೇ"ಯಲ್ಲಿ ಬಿದ್ದಿದ್ದ ಭಾಗ ಎದ್ದು 212ಕ್ಕೆ ಬಂದು ಕೂತಿತು. ಕೊನೆಯ "ಲ್ಲ" ಮಾಯವಾಯಿತು, ಅಲ್ಲಿ ಗೆರೆಯೇ ಇಲ್ಲ. ನೋಡಲು ಈಗ ಎಲ್ಲ ಚೆಂದ. ಆದರೆ ನಾನು ಬೇಲಿ ಹಾಕಿದ್ದಕ್ಕೆ ಹೀಗಾಯಿತೋ, ನಿಜವಾಗಿ ಹೀಗೇ ಇದೆಯೋ? ಇದಕ್ಕೆ ಅಲೆಯನ್ನೇ ಕೇಳಬೇಕು.

"ಮನೇ"ಯ "ಏ" ಭಾಗವನ್ನು ಆರಿಸಿ `Ctrl-N` ಒತ್ತಿ, ಅಲೆಯ ಒಂದೊಂದು ಸುತ್ತೂ ಬೇರೆ ಬೇರೆಯಾಗಿ ಕಾಣುವವರೆಗೆ ದೊಡ್ಡದು ಮಾಡಿ. ಒಂದು ಎತ್ತರದ ಮೊನೆಯಿಂದ ಶುರುಮಾಡಿ ಹತ್ತು ಸುತ್ತು ಎಣಿಸಿ. ಅಷ್ಟನ್ನೂ ಮೌಸಿನಿಂದ ಆರಿಸಿ. ಆರಿಸಿದ ಭಾಗ ಎಷ್ಟು ಸೆಕೆಂಡು ಅಂತ ಪ್ರಾಟ್ ತೋರಿಸುತ್ತದೆ, ಪಕ್ಕದಲ್ಲೇ ಸೆಕೆಂಡಿಗೆ ಎಷ್ಟು ಅಂತಲೂ ಬರೆದಿರುತ್ತದೆ. ನನಗೆ ಬಂದದ್ದು 0.0472 ಸೆಕೆಂಡು, ಪಕ್ಕದಲ್ಲಿ 21.19. ಹತ್ತು ಸುತ್ತು ಇರುವುದರಿಂದ ಹತ್ತರಿಂದ ಗುಣಿಸಿದರೆ 212. ಹತ್ತೇ ಯಾಕೆ ಅಂದರೆ, ಒಂದೇ ಸುತ್ತು ಅಳೆದರೆ ಮೌಸು ಕೂದಲೆಳೆಯಷ್ಟು ತಪ್ಪಿದರೂ ಉತ್ತರ ಬಹಳ ಬದಲಾಗುತ್ತದೆ. ಹತ್ತು ತೆಗೆದುಕೊಂಡರೆ ಆ ತಪ್ಪು ಹಂಚಿಹೋಗುತ್ತದೆ.

ಸುತ್ತುಗಳನ್ನು ಹತ್ತಿರದಿಂದ ನೋಡಿದರೆ ಕಾರಣವೂ ಕಂಡಿತು. ಮೊನೆಗಳು ಒಂದು ಎತ್ತರ, ಮುಂದಿನದು ಚೂರು ಗಿಡ್ಡ, ಮತ್ತೆ ಎತ್ತರ. ಆದರೆ ನಡುವಿನ ಅಂತರ ಎಲ್ಲ ಕಡೆಯೂ ಒಂದೇ. ಸಾಫ್ಟ್‌ವೇರಿಗೆ ಎರಡೆರಡನ್ನು ಜೋಡಿಸಿದರೆ ಇನ್ನೂ ಚೆನ್ನಾಗಿ ಹೊಂದಿದ ಹಾಗೆ ಕಂಡಿದೆ. `Tab` ಒತ್ತಿ ಕೇಳಿದೆ. ಅಲ್ಲಿ ದನಿ ಒಂದು ಸ್ಥಾಯಿ ಕೆಳಗೆ ಇಳಿದ ಹಾಗೆ ಕಿವಿಗೆ ಅನ್ನಿಸಲೇ ಇಲ್ಲ. ಅಲ್ಲಿಗೆ ಇದು ಸಾಫ್ಟ್‌ವೇರಿನ ತಪ್ಪು, 212 ಸರಿ.

ಇನ್ನು "ಲ್ಲ". ಅದನ್ನು ದೊಡ್ಡದು ಮಾಡಿದರೆ ಚಿತ್ರವೇ ಬೇರೆ. ಮೊನೆಗಳು ದೂರ ದೂರ ನಿಂತಿವೆ. ಅಂತರ ಒಂದೊಂದಕ್ಕೂ ಒಂದೊಂದು: 9 ಮಿಲಿಸೆಕೆಂಡ್, 12, 8, 13. ಸರಾಸರಿ 10.5, ಅಂದರೆ ಸುಮಾರು 95 ಹರ್ಟ್ಜ್. ಕೇಳಿದರೆ ಹಳೇ ಬಾಗಿಲ ಕೀಲು ಕಿರ್ರೆನ್ನುವ ಹಾಗೆ ಒಡೆದ ದನಿ. ವಾಕ್ಯದ ಕೊನೆಯಲ್ಲಿ ಉಸಿರು ಮುಗಿಯುತ್ತಾ ಬಂದಾಗ ಬಹಳ ಜನರಿಗೆ ಹೀಗಾಗುತ್ತದೆ, ವಯಸ್ಸಿಗೂ ಇದಕ್ಕೂ ಸಂಬಂಧವಿರಲೇಬೇಕು ಅಂತಿಲ್ಲ. ಇಲ್ಲಿ ಗಂಟಲೇ ಕುಂಟಿದೆ. 95 ಅನ್ನುವುದು ಸುಳ್ಳಲ್ಲ, ಆದರೆ ಅದನ್ನು "ಪಿಚ್ 95ಕ್ಕೆ ಇಳಿಯಿತು" ಅಂತ ಬರೆದರೂ ಸರಿಯಾಗುವುದಿಲ್ಲ. ಒಂದೇ ಸಮನಾದ ಕಂಪನವೇ ಅಲ್ಲಿ ಇಲ್ಲ. ಒಡೆದ ದನಿಯನ್ನೇ ಅಭ್ಯಾಸ ಮಾಡುವವರಾದರೆ ಕೆಳ ಮಿತಿಯನ್ನು 130ಕ್ಕೆ ಏರಿಸುವ ಹಾಗೇ ಇಲ್ಲ. ಏರಿಸಿದರೆ ಅವರಿಗೆ ಬೇಕಾದದ್ದೇ ಕಾಣೆಯಾಗುತ್ತದೆ.

ಹಾಗಾದರೆ ಗುರುತು ಇಷ್ಟು. ಮೊನೆಗಳ ಅಂತರ ಒಂದೇ ಇದ್ದು ಗೆರೆ ಮಾತ್ರ ಅರ್ಧಕ್ಕೆ ಬಿದ್ದರೆ ಸಾಫ್ಟ್‌ವೇರನ್ನು ಬೈಯಿರಿ. ಅಂತರವೇ ಏರುಪೇರಾಗಿದ್ದರೆ ದನಿ ಒಡೆದಿದೆ. ಕೆಲವೊಮ್ಮೆ ನಡುವಿನದ್ದೂ ಇರುತ್ತದೆ: ಒಂದು ಉದ್ದ ಅಂತರ, ಒಂದು ಗಿಡ್ಡ ಅಂತರ ಹೀಗೆ ಜೋಡಿ ಜೋಡಿಯಾಗಿ ಬರುತ್ತದೆ. ಆಗ ಯಾವ ಉತ್ತರ ಸರಿ ಅಂತ ಇಬ್ಬರು ತಿಳಿದವರೂ ಜಗಳವಾಡಬಹುದು. ನಾನಾದರೆ ಅಂಥ ಜಾಗವನ್ನು ಲೆಕ್ಕದಿಂದ ಬಿಟ್ಟುಬಿಡುತ್ತೇನೆ.

ಬೇಲಿ ಹಾಕಿದ ಮೇಲೂ ಒಂದೆರಡು ಕಡೆ ತಪ್ಪು ಉಳಿದರೆ ಕೈಯಿಂದ ತಿದ್ದಬಹುದು. `Sound`ನಿಂದ ಒಂದು `Pitch` ಮಾಡಿಕೊಂಡು ಅದನ್ನು `View & Edit`ನಲ್ಲಿ ತೆರೆಯಿರಿ. ಪ್ರತಿ ಕ್ಷಣಕ್ಕೂ ಪೈಪೋಟಿಗೆ ನಿಂತಿದ್ದ ಉತ್ತರಗಳೆಲ್ಲ ಅಂಕಿಗಳಾಗಿ ಹರಡಿಕೊಂಡಿರುತ್ತವೆ. 9 ಅಂದರೆ ಚೆನ್ನಾಗಿ ಹೊಂದಿದ್ದು, 3 ಅಂದರೆ ಅಷ್ಟಕ್ಕಷ್ಟೆ. ಪ್ರಾಟ್ ಆರಿಸಿದ್ದು ಬಣ್ಣದಲ್ಲಿ ಎದ್ದು ಕಾಣುತ್ತದೆ. ಸರಿಯಾದದ್ದರ ಮೇಲೆ ಕ್ಲಿಕ್ ಮಾಡಿದರೆ ಆಯ್ಕೆ ಅದಕ್ಕೆ ಬದಲಾಗುತ್ತದೆ. ಈ ಪರದೆಯನ್ನು ಒಂದು ಸಲವಾದರೂ ನೋಡಿ. ಕೆಳ ಮಿತಿ 75 ಇಟ್ಟು ಮಾಡಿದ `Pitch`ನಲ್ಲಿ 212ರ ಜಾಗದಲ್ಲಿ 9, ಅದರ ಕೆಳಗೆ 106ರ ಜಾಗದಲ್ಲೂ 9 ಕಂಡಾಗ ಸಾಫ್ಟ್‌ವೇರಿನ ಪರದಾಟ ಗೊತ್ತಾಗುತ್ತದೆ.

ತೋರಿಸುವಾಗ: ಹರ್ಟ್ಜ್ ಬೇಡ, ಸೆಮಿಟೋನ್ ಇರಲಿ

ಅತ್ತೆಯೂ ಮಾವನೂ "ಮನೇಲಿ ಇಲ್ವಾ?" ಅಂತ ಕೇಳಿದ್ದನ್ನು ಒಂದೇ ಚಿತ್ರದಲ್ಲಿ ಹಾಕಿದೆ. ಅತ್ತೆಯ ದನಿ 190ರಿಂದ 285ಕ್ಕೆ ಏರಿತು, 95 ಹರ್ಟ್ಜ್. ಮಾವನದ್ದು 110ರಿಂದ 165ಕ್ಕೆ, 55 ಹರ್ಟ್ಜ್. ಚಿತ್ರ ನೋಡಿದವರು ಅತ್ತೆ ಜೋರಾಗಿ ಎಳೆದರು, ಮಾವ ಚಪ್ಪೆಯಾಗಿ ಕೇಳಿದರು ಅಂದರು. ಕಿವಿಗೆ ಹಾಗೆ ಅನ್ನಿಸುವುದಿಲ್ಲ. 190ರ ಒಂದೂವರೆ ಪಟ್ಟು 285. 110ರ ಒಂದೂವರೆ ಪಟ್ಟು 165. ಒಂದೂವರೆ ಪಟ್ಟು ಅಂದರೆ ಸದಿಂದ ಪಕ್ಕೆ ಹೋದ ಹಾಗೆ. ಇಬ್ಬರೂ ಷಡ್ಜದಿಂದ ಪಂಚಮಕ್ಕೇ ಏರಿದ್ದಾರೆ, ಅವರವರ ಶ್ರುತಿಯಲ್ಲಿ.

ಕಿವಿ ಲೆಕ್ಕ ಹಾಕುವುದು ಕೂಡಿಸಿ ಕಳೆದು ಅಲ್ಲ, ಎಷ್ಟು ಪಟ್ಟು ಅಂತ. ಅದಕ್ಕೆ ತಕ್ಕ ಅಳತೆ ಸೆಮಿಟೋನ್. ಒಂದು ಸ್ಥಾಯಿಗೆ 12. ಲೆಕ್ಕ ಹೀಗೆ:

```
12 * log2 (f2 / f1)
```

ಅತ್ತೆಗೂ ಮಾವನಿಗೂ ಇದು ಸುಮಾರು 7 ಕೊಡುತ್ತದೆ. ಪ್ರಾಟ್‌ನ ಪಿಚ್ ಸೆಟ್ಟಿಂಗ್‌ನಲ್ಲಿ `Unit` ಜಾಗದಲ್ಲಿ `semitones re 100 Hz` ಆರಿಸಿದರೆ ಗೆರೆ ಅದೇ ಅಳತೆಯಲ್ಲಿ ಬರುತ್ತದೆ. ಒಬ್ಬರದ್ದೇ ಮಾತಾದರೆ ಹರ್ಟ್ಜ್ ಸಾಕು. ಇಬ್ಬರನ್ನು ಹೋಲಿಸುವಾಗ ಹರ್ಟ್ಜ್ ಮೋಸ ಮಾಡುತ್ತದೆ.

ಹಾಗೆಯೇ ಚಿತ್ರದ ಮೇಲಿನ, ಕೆಳಗಿನ ಅಂಚು ಎಲ್ಲರಿಗೂ ಒಂದೇ ಇರಲಿ. ಅಂಚು ಹಿಗ್ಗಿಸಿದರೆ ಗುಡ್ಡ ದಿಬ್ಬವಾಗುತ್ತದೆ, ಕುಗ್ಗಿಸಿದರೆ ದಿಬ್ಬ ಗುಡ್ಡವಾಗುತ್ತದೆ.

ಗೆರೆಯಲ್ಲಿ ಕಾಣುವ ಪ್ರತಿ ಏರಿಳಿತವೂ ಮಾತಾಡುವವರು ಬೇಕೆಂದು ಮಾಡಿದ್ದಲ್ಲ ಅನ್ನುವುದೂ ನೆನಪಿರಲಿ. "ಕಾಫಿ ಸಾಕಾ?" ವಾಕ್ಯದಲ್ಲಿ "ಸಾಕಾ"ದ "ಕ" ಆದ ಕೂಡಲೇ ಪಿಚ್ ಸ್ವಲ್ಪ ಮೇಲಿಂದ ಶುರುವಾಗಿ ಕೆಳಗಿಳಿಯುತ್ತದೆ. ಕ, ತ, ಪ ಆದ ಮೇಲೆ ಇದು ಸಹಜ. ಗ, ದ, ಬ ಬಂದಾಗ ಚೂರು ತಗ್ಗುತ್ತದೆ. ಇದು ವ್ಯಂಜನದ ಕೈಚಳಕ, ರಾಗದ್ದಲ್ಲ. ಹಾಗಾಗಿ ಅಂಕಿ ಬೇಕಾದಾಗ ಸ್ವರದ ನಡುಭಾಗದಿಂದ ತೆಗೆದುಕೊಳ್ಳಿ, ಅಂಚಿನಿಂದ ಬೇಡ.

ಇಡೀ ಮಾತಿಗೆ ಒಂದೇ ಅಂಕಿ ಹೇಳಬೇಕಾದರೆ ಸರಾಸರಿಗಿಂತ ನಡುವಿನ ಅಂಕಿ, ಅಂದರೆ ಮೀಡಿಯನ್, ಕೊಡಿ. ಒಬ್ಬರ ದನಿ 200 ಕಡೆ ಅಳೆದಾಗ ಎಲ್ಲ ಕಡೆಯೂ 190 ಇದೆ ಅಂದುಕೊಳ್ಳಿ. ಅದರಲ್ಲಿ 30 ಕಡೆ ಸ್ಥಾಯಿ ತಪ್ಪಿ 95 ಬಂದರೆ ಸರಾಸರಿ 176ಕ್ಕೆ ಇಳಿಯುತ್ತದೆ. ಮೀಡಿಯನ್ 190ರಲ್ಲೇ ನಿಲ್ಲುತ್ತದೆ.

ಎಲ್ಲಿ ಇದು ನಡೆಯುವುದಿಲ್ಲ

ತಂಬೂರಿಯೋ ಶ್ರುತಿ ಪೆಟ್ಟಿಗೆಯೋ ಹಿಂದೆ ನುಡಿಯುತ್ತಿದ್ದರೆ ಪ್ರಾಟ್‌ನ ಪಿಚ್ ಗೆರೆಯನ್ನು ಮರೆತುಬಿಡಿ. ಈ ಲೆಕ್ಕ ಒಂದು ಸಲಕ್ಕೆ ಒಂದೇ ದನಿ ಇದೆ ಅಂತ ನಂಬಿಕೊಂಡಿದೆ. ಎರಡಿದ್ದರೆ ಒಮ್ಮೆ ಗಾಯಕರನ್ನು, ಒಮ್ಮೆ ತಂಬೂರಿಯನ್ನು ಹಿಡಿದು ಓಡಾಡುತ್ತದೆ. ಇಬ್ಬರು ಒಟ್ಟಿಗೆ ಮಾತಾಡಿದರೂ ಅದೇ ಪಾಡು. ಕನ್ನಡದ ಮನೆ ಮಾತುಕತೆ ರೆಕಾರ್ಡ್ ಮಾಡಿದವರಿಗೆ ಇದು ಎಷ್ಟು ದೊಡ್ಡ ಕಷ್ಟ ಅಂತ ಗೊತ್ತು.

ಫೋನಿನ ಮಾತು ಮಾತ್ರ ನೀವಂದುಕೊಂಡಷ್ಟು ಕೆಟ್ಟದ್ದಲ್ಲ. ಹಳೆಯ ದೂರವಾಣಿ 300 ಹರ್ಟ್ಜ್‌ಗಿಂತ ಕೆಳಗಿನದ್ದನ್ನೆಲ್ಲ ಕತ್ತರಿಸುತ್ತಿತ್ತು. ಅಂದರೆ 120ರ ದನಿಯ ಮೂಲ ಆವೃತ್ತಿ ತಂತಿಯಲ್ಲಿ ಬರುತ್ತಲೇ ಇರಲಿಲ್ಲ. ಆದರೂ ನಮಗೆ ಗಂಡಸಿನ ದನಿ ಗಂಡಸಿನ ದನಿಯಾಗಿಯೇ ಕೇಳಿಸುತ್ತಿತ್ತು. ಯಾಕೆಂದರೆ ಉಳಿದ 360, 480, 600 ಇವೆಲ್ಲ ಸೇರಿದಾಗ ಅಲೆಯ ಆಕಾರ ಸೆಕೆಂಡಿಗೆ 120 ಸಲವೇ ಮರುಕಳಿಸುತ್ತದೆ. ಟ್ರೇಸಿಂಗ್ ಪೇಪರ್ ಜರುಗಿಸಿದರೆ ಅದೇ ಉತ್ತರ ಸಿಗುತ್ತದೆ. ಆದರೆ ಇಂಥ ರೆಕಾರ್ಡಿಂಗಿಗೆ `raw autocorrelation` ಒಳ್ಳೆಯದು. ಸೋಸುವ ವಿಧಾನ ಉಳಿದಿರುವ ಮೇಲಿನ ಭಾಗವನ್ನೇ ತಗ್ಗಿಸಿಬಿಡುತ್ತದೆ.

ಅತ್ತೆಯ ವಾಕ್ಯದ ಚಿತ್ರವನ್ನು ಕೊನೆಗೆ ಸೆಮಿಟೋನಿನಲ್ಲಿ ಹಾಕಿದೆ. "ಲ್ಲ"ದ ಜಾಗದಲ್ಲಿ ಗೆರೆ ಎಳೆಯಲಿಲ್ಲ, ಅಲ್ಲಿ "ಒಡೆದ ದನಿ" ಅಂತ ಬರೆದೆ. ಚಿತ್ರದ ಕೆಳಗೆ ಚಿಕ್ಕ ಅಕ್ಷರದಲ್ಲಿ ಪ್ರಾಟ್‌ನ ವರ್ಶನ್, `raw autocorrelation`, 130 ಮತ್ತು 340 ಅಂತ ನಮೂದಿಸಿದೆ. ಬೇರೆಯವರು ಅದೇ ಫೈಲು ತೆರೆದು ಅದೇ ಅಂಕಿಗಳನ್ನು ಹಾಕಿದರೆ ಅವರಿಗೂ ಅದೇ ಗೆರೆ ಬರುತ್ತದೆ.